ಪೇಪರ್ ಹುಡುಗನ ಎರಡು ನಿಮಿಷ

ಹಿಂದಿ ಮಿಸ್ ಆಗಿ ದಾಬಸ್‌ಪೇಟೆಯ ಪ್ರೌಢಶಾಲೆಯಲ್ಲಿ ಕಳೆದ ವರ್ಷಗಳಲ್ಲಿ ನಾನು ಅತಿ ಹೆಚ್ಚು ಸಲ ಕೇಳಿದ ಹಿಂದಿ ವಾಕ್ಯ ಒಂದೇ: ‘ಪುಸ್ತಕೇಂ ಹಮಾರೀ ಸಬ್‌ಸೇ ಅಚ್ಛೀ ಮಿತ್ರ್ ಹೈಂ.’ ಪುಸ್ತಕಗಳೇ ನಮ್ಮ ಪರಮಮಿತ್ರರು. ಹತ್ತನೇ ತರಗತಿಯ ಆಂತರಿಕ ಮೌಲ್ಯಮಾಪನಕ್ಕೆ ಮಕ್ಕಳು ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಎರಡು ನಿಮಿಷ ಹಿಂದಿಯಲ್ಲಿ ಮಾತನಾಡಬೇಕಿತ್ತು. ವಿಷಯ ‘ಪಢ್‌ನೇ ಕಾ ಮಹತ್ವ್’ ಎಂದು ಕೊಟ್ಟರೆ ಮುಗಿಯಿತು, ಗೈಡಿನ ಆ ಸಾಲಿನಿಂದಲೇ ಎಲ್ಲರೂ ಶುರು. ಮಿತ್ರರಾದ ಮೇಲೆ ಜ್ಞಾನದ ಭಂಡಾರ, ಭಂಡಾರವಾದ ಮೇಲೆ ಯಾರೋ ಮಹಾಪುರುಷರು ಹೇಳಿದ್ದೆನ್ನುವ ಒಂದು ಮಾತು, ಕೊನೆಗೆ ‘ಜೈ ಹಿಂದ್, ಜೈ ಕರ್ನಾಟಕ’.

ಎಸ್ಸೆಸ್ಸೆಲ್ಸಿಯಲ್ಲಿ ತೃತೀಯ ಭಾಷೆಗೆ 80 ಅಂಕ ಲಿಖಿತ ಪರೀಕ್ಷೆಯಿಂದ, ಉಳಿದ 20 ಶಾಲೆಯಲ್ಲಿ ನಾವು ಕೊಡುತ್ತಿದ್ದದ್ದು. ಆ 20ರಲ್ಲಿ ಮಾತಿಗೂ ಒಂದು ಪಾಲು. ಹುಡುಗರಿಗೆ ಅದು ಬಾಯಿಪಾಠದ ಕೆಲಸ. ಗೈಡಿನ ಭಾಷಣವನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡು, ಶಿವಗಂಗೆ ಕಡೆಯ ಬಸ್ಸಿನಲ್ಲಿ ಕೂತು ಉರು ಹೊಡೆದು ಬಂದು ಒಪ್ಪಿಸುತ್ತಿದ್ದರು. ಒಪ್ಪಿಸುವಾಗ ಒಂದು ಪದ ಮರೆತರೆ ಮುಂದಿನದೆಲ್ಲ ಮಾಯ. ಮೊದಲಿಂದ ಮತ್ತೆ ಶುರು ಮಾಡಬೇಕು, ಇಲ್ಲವೇ ‘ಧನ್ಯವಾದ್’ ಎಂದು ಓಡಿಹೋಗಬೇಕು. ಅರ್ಥ ಎಲ್ಲಿದೆಯೆಂದು ಗೊತ್ತಿಲ್ಲದ ಮಗುವಿಗೆ ತಪ್ಪನ್ನು ತಿದ್ದಿಕೊಡುವುದೂ ಕಷ್ಟ. ‘ಅಚ್ಛಾ ಅಲ್ಲ, ಅಚ್ಛೀ’ ಎಂದರೆ ಅದೂ ಒಂದು ಉರು ಹೊಡೆಯುವ ಪದವಾಗುತ್ತದೆ, ಅಷ್ಟೆ.

ಕೇಳುವವರ ಪಾಡೂ ಇದೇ. ಅಂಗಳದಲ್ಲಿ ಸಾಲಾಗಿ ನಿಂತ ಎಂಟು, ಒಂಬತ್ತು, ಹತ್ತನೇ ತರಗತಿಯ ಮಕ್ಕಳಿಗೆ ಬರುವ ಹಿಂದಿ ಪಾಠದ ಹಿಂದಿ. ಸಿನಿಮಾ, ಟೀವಿಯಿಂದ ಬಂದಿದ್ದು ಒಂದಿಷ್ಟು. ಉಳಿದದ್ದನ್ನು ಅವರು ಕನ್ನಡದ ಕಿವಿಯಲ್ಲೇ ಕೇಳುತ್ತಾರೆ. ‘ಉಪನ್ಯಾಸ್ ಪಢ್‌ನಾ ಚಾಹಿಯೇ’ ಎಂದರೆ ಕಾದಂಬರಿ ಓದಬೇಕು ಎಂದು ಯಾರಿಗೂ ಹೊಳೆಯುವುದಿಲ್ಲ, ಪಾಠದ ಮೇಲೆ ಭಾಷಣವೂ ಕೇಳಬೇಕಾ ಎಂದುಕೊಳ್ಳುತ್ತಾರೆ. ‘ಶಿಕ್ಷಾ ಸಬ್‌ಕೋ ಮಿಲ್‌ನೀ ಚಾಹಿಯೇ’ ಎಂದ ಹುಡುಗಿಯ ಭಾಷಣಕ್ಕೆ ಹಿಂದಿನ ಸಾಲಿನ ಹುಡುಗರು ಕಿಸಕ್ಕನೆ ನಕ್ಕಿದ್ದರು. ಎಲ್ಲರಿಗೂ ಶಿಕ್ಷೆಯಾಗಬೇಕು ಎಂದು ಅವರಿಗೆ ಕೇಳಿಸಿತ್ತು.

ಇಂಥದ್ದರ ನಡುವೆ ಒಬ್ಬ ಹುಡುಗ ಭಾಷಣವಿಲ್ಲದೆ ನನ್ನ ಮುಂದೆ ಬಂದು ನಿಂತ. ಗೈಡ್ ಕೊಂಡಿರಲಿಲ್ಲ. ‘ನಂಗೆ ಓದೋದರ ಬಗ್ಗೆ ಏನೂ ಗೊತ್ತಿಲ್ಲ ಮಿಸ್, ಬೇರೆ ಟಾಪಿಕ್ ಕೊಡಿ’ ಎಂದ. ಬೆಳಗ್ಗೆ ಮೊದಲನೇ ಪೀರಿಯಡ್ಡಿನಲ್ಲಿ ಆಗಾಗ ತೂಕಡಿಸುವ ಹುಡುಗ ಅವನು. ಯಾಕೆಂದು ಅವತ್ತು ಕೇಳಿದೆ. ‘ಪೇಪರ್ ಹಾಕ್ತೀನಿ ಮಿಸ್. ಐದು ಗಂಟೆಗೆ ಹೈವೇ ಹತ್ರ ಬಂಡಲ್ ಬರುತ್ತೆ.’

‘ಹಾಕೋಕೆ ಮುಂಚೆ ನೋಡಲ್ವಾ ಅದನ್ನ?’

‘ನೋಡ್ತೀನಿ. ಕ್ರಿಕೆಟ್ ನೋಡ್ತೀನಿ. ಆಮೇಲೆ ಕರೆಂಟ್ ತೆಗೀತಾರಾ ಅಂತ ನೋಡ್ತೀನಿ.’

ಕರೆಂಟ್ ಯಾಕೆ ಎಂದರೆ ಕಥೆ ಹೊರಬಂತು. ಅವರ ಬೀದಿಯಲ್ಲಿ ಒಬ್ಬ ಆಂಟಿ ಹಿಟ್ಟಿನ ಮಿಲ್ಲು ನಡೆಸುತ್ತಾರೆ. ಒಂದು ದಿನ ಪೇಪರಿನ ಮೂಲೆಯಲ್ಲಿ ‘ವಿದ್ಯುತ್ ವ್ಯತ್ಯಯ’ ಎಂಬ ತಲೆಬರಹದ ಕೆಳಗೆ, ನಾಳೆ ಬೆಳಗ್ಗೆ ಹತ್ತರಿಂದ ಸಂಜೆ ಐದರವರೆಗೆ ಅವರ ಕಡೆ ಕರೆಂಟ್ ಇರುವುದಿಲ್ಲ ಎಂದು ಬೆಸ್ಕಾಂ ಪ್ರಕಟಣೆ ಇತ್ತು. ಪೇಪರ್ ಹಾಕುತ್ತಾ ಆಂಟಿಗೆ ಹೇಳಿ ಹೋದ. ಆ ಸಂಜೆಯೇ ಆಕೆ ಎಲ್ಲರ ರಾಗಿಯನ್ನೂ ಬೀಸಿಟ್ಟರು. ಅಂದಿನಿಂದ ಆಂಟಿ ದಿನಾ ‘ಏನೋ, ಇವತ್ತು ಇದೆಯೇನೋ?’ ಎಂದು ಕೇಳುತ್ತಾರೆ, ಇವನು ದಿನಾ ನೋಡುತ್ತಾನೆ.

‘ಇದೇ ನಿನ್ನ ಭಾಷಣ’ ಎಂದೆ. ಅವನಿಗೆ ನಂಬಿಕೆಯಾಗಲಿಲ್ಲ. ‘ಪುಸ್ತಕ ಬರಲ್ವಲ್ಲ ಮಿಸ್ ಇದರಲ್ಲಿ.’

ಬರಬೇಕಾಗಿಯೂ ಇರಲಿಲ್ಲ. ಮೊದಲು ಇದೇ ಮಾತನ್ನು ಕನ್ನಡದಲ್ಲಿ ಹೇಳಿಸಿದೆ, ನನಗೆ ಹೇಳಿದ ಹಾಗೆಯೇ. ಆಮೇಲೆ ಒಂದೊಂದೇ ವಾಕ್ಯಕ್ಕೆ ಅವನಿಗೆ ಗೊತ್ತಿದ್ದ ಹಿಂದಿಯನ್ನು ಕೇಳಿ, ಗೊತ್ತಿಲ್ಲದ್ದನ್ನು ನಾನು ಕೊಟ್ಟೆ. ಒಂದು ವಾಕ್ಯದಲ್ಲಿ ಒಂದೇ ಸಂಗತಿ ಎಂಬುದಷ್ಟೇ ನಿಯಮ. ಅಂಗಳದಲ್ಲಿ ಮೈಕಿನ ಮುಂದೆ, ವಾಕ್ಯ ಮುಗಿದಾಗ ಒಂದು ಉಸಿರು ಬಿಟ್ಟು ಮಾತಾಡಿದರೆ ಎರಡು ನಿಮಿಷಕ್ಕೆ ನೂರರ ಆಸುಪಾಸು ಪದಗಳು ಸಾಕಾಗುತ್ತವೆ. ಗೈಡಿನ ಭಾಷಣಗಳು ಅದರ ಎರಡರಷ್ಟು ಇರುತ್ತಿದ್ದವು. ಅದಕ್ಕೇ ಮಕ್ಕಳು ರೈಲು ಬಿಟ್ಟ ಹಾಗೆ ಓಡಿಸುತ್ತಿದ್ದರು.

ಕಲಾಂ ಹೇಳಿದ ಒಂದು ಮಾತು ಸೇರಿಸಲಾ ಎಂದು ಕೇಳಿದ. ಯಾವ ಮಾತು, ಎಲ್ಲಿ ಹೇಳಿದ್ದು ಎಂದರೆ ಗೊತ್ತಿರಲಿಲ್ಲ. ಹತ್ತನೇ ತರಗತಿಯ ಹಿಂದಿಯಲ್ಲಿ ಕಲಾಂ ಅವರ ಬಾಲ್ಯದ ಪಾಠವಿತ್ತು. ಅವರ ಆತ್ಮಕಥೆಯಲ್ಲಿ ಬರುವ ಒಂದು ಪ್ರಸಂಗವನ್ನು ಅವನಿಗೆ ಹೇಳಿದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ರಾಮೇಶ್ವರ ನಿಲ್ದಾಣದಲ್ಲಿ ರೈಲು ನಿಲ್ಲುವುದು ತಪ್ಪಿಹೋಯಿತು. ಪತ್ರಿಕೆಯ ಕಟ್ಟುಗಳನ್ನು ರಾಮೇಶ್ವರ-ಧನುಷ್ಕೋಟಿ ನಡುವೆ ಓಡುವ ರೈಲಿನಿಂದಲೇ ಎಸೆಯಬೇಕಾಯಿತು. ಊರಿಗೆ ಪತ್ರಿಕೆ ಹಂಚುತ್ತಿದ್ದ ಸೋದರಸಂಬಂಧಿ ಶಂಸುದ್ದೀನರಿಗೆ ಆ ಕಟ್ಟುಗಳನ್ನು ಹಿಡಿದುಕೊಡಲು ಒಬ್ಬ ಹುಡುಗ ಬೇಕಾದ, ಅವನೇ ಕಲಾಂ. ಅವರ ಮೊದಲ ಸಂಪಾದನೆ ಅದು. ನಮ್ಮವನ ಕಣ್ಣು ಅಗಲವಾಯಿತು. ‘ಹಿಡಿಯೋದಾ? ನಂಗೆ ರೋಡಲ್ಲಿ ಇಟ್ಟು ಹೋಗ್ತಾರೆ’ ಎಂದ. ಮಹಾಪುರುಷರ ಮಾತಿನ ಜಾಗಕ್ಕೆ ಕಲಾಂ ಮಾಡಿದ ಕೆಲಸ ಒಂದು ಸಾಲಾಗಿ ಬಂದು ಕೂತಿತು.

ಕೊನೆಗೆ ಸಿದ್ಧವಾದದ್ದು ಇದು. ಉಚ್ಚರಿಸುವ ಹಾಗೆಯೇ ಬರೆಯುತ್ತೇನೆ:

‘ಆದರ್‌ಣೀಯ್ ಪ್ರಧಾನಾಧ್ಯಾಪಕ್ ಜೀ, ಅಧ್ಯಾಪಕ್‌ಗಣ್ ಔರ್ ಮೇರೇ ಪ್ಯಾರೇ ಸಾಥಿಯೋ, ನಮಸ್ತೇ. ಮೈಂ ರೋಜ್ ಸುಬಹ್ ಅಖ್‌ಬಾರ್ ಬಾಂಟ್ತಾ ಹೂಂ. ಪಹ್‌ಲೇ ಮೈಂ ಅಖ್‌ಬಾರ್ ಪಢ್ತಾ ನಹೀಂ ಥಾ. ಏಕ್ ದಿನ್ ಮೈಂನೇ ಏಕ್ ಛೋಟೀ ಖಬರ್ ಪಢೀ. ಲಿಖಾ ಥಾ ಕಿ ಕಲ್ ಸುಬಹ್ ದಸ್ ಬಜೇ ಸೇ ಶಾಮ್ ಪಾಂಚ್ ಬಜೇ ತಕ್ ಬಿಜ್ಲೀ ನಹೀಂ ರಹೇಗೀ. ಹಮಾರೀ ಗಲೀ ಮೇಂ ಏಕ್ ಚಾಚೀ ಕೀ ಚಕ್ಕೀ ಹೈ. ಮೈಂನೇ ಉನ್‌ಕೋ ಬತಾಯಾ. ಉನ್ಹೋಂನೇ ಉಸೀ ಶಾಮ್ ಸಾರಾ ಆಟಾ ಪೀಸ್ ಲಿಯಾ. ಅಗ್ಲೇ ದಿನ್ ಬಿಜ್ಲೀ ಗಯೀ, ಪರ್ ಕಿಸೀ ಕೇ ಘರ್ ಮೇಂ ಆಟಾ ಕಮ್ ನಹೀಂ ಪಡಾ. ಕಲಾಂ ಜೀ ನೇ ಭೀ ಬಚ್‌ಪನ್ ಮೇಂ ಅಖ್‌ಬಾರ್ ಬಾಂಟೇ ಥೇ. ಅಬ್ ಮೈಂ ಪಹ್‌ಲೇ ಪಢ್ತಾ ಹೂಂ, ಫಿರ್ ಬಾಂಟ್ತಾ ಹೂಂ. ಧನ್ಯವಾದ್.’

ಇನ್ನು ಜಗಳ ಶುರುವಾದದ್ದು ‘ಖಬರ್ ಪಢೀ’ ಎಂಬಲ್ಲಿ. ‘ನಾನು ಹುಡುಗ ಅಲ್ವಾ ಮಿಸ್? ಪಢೀ ಅಂದ್ರೆ ಎಲ್ಲಾ ನಗ್ತಾರೆ’ ಎಂದ. ನಮ್ಮ ಮಕ್ಕಳೆಲ್ಲ ಎಡವುವ ಜಾಗವಿದು. ಕನ್ನಡದಲ್ಲಿ ‘ಓದಿದೆ’ ಎಂದರೆ ಓದಿದವರು ಗಂಡೋ ಹೆಣ್ಣೋ ಕ್ರಿಯಾಪದಕ್ಕೆ ಸಂಬಂಧವಿಲ್ಲ, ಓದಿದ ವಸ್ತು ಏನೆಂಬುದಂತೂ ಲೆಕ್ಕಕ್ಕೇ ಇಲ್ಲ. ಸುದ್ದಿ, ಪೇಪರ್, ಪುಸ್ತಕ ಎಲ್ಲವೂ ನಮಗೆ ‘ಅದು’. ಹಿಂದಿಯಲ್ಲಿ ನಪುಂಸಕಲಿಂಗವೇ ಇಲ್ಲದ್ದರಿಂದ ಪ್ರತಿ ವಸ್ತುವೂ ಗಂಡಾಗಿರಬೇಕು ಇಲ್ಲವೇ ಹೆಣ್ಣಾಗಿರಬೇಕು. ಅಖ್‌ಬಾರ್ ಪುಲ್ಲಿಂಗ, ಅದರೊಳಗಿನ ಖಬರ್ ಸ್ತ್ರೀಲಿಂಗ. ಪುಸ್ತಕ್, ಕಿತಾಬ್ ಸ್ತ್ರೀಲಿಂಗ. ಅವನ್ನು ಇಟ್ಟಿರುವ ಪುಸ್ತಕಾಲಯ್ ಪುಲ್ಲಿಂಗ.

ಇದರ ಮೇಲೆ ‘ನೇ’ ಪ್ರತ್ಯಯದ ಆಟ. ‘ಪಢ್ತಾ ಹೂಂ’ ಎನ್ನುವಾಗ ಕ್ರಿಯಾಪದ ಓದುವವನನ್ನು ನೋಡುತ್ತದೆ, ಆದ್ದರಿಂದ ಹುಡುಗ ‘ಪಢ್ತಾ’ ಎನ್ನುತ್ತಾನೆ, ಹುಡುಗಿ ‘ಪಢ್ತೀ’ ಎನ್ನುತ್ತಾಳೆ. ಓದಿ ಮುಗಿಸಿದ್ದನ್ನು ಹೇಳುವಾಗ ಓದುವವನಿಗೆ ‘ನೇ’ ಅಂಟಿಕೊಳ್ಳುತ್ತದೆ. ಆಗ ಕ್ರಿಯಾಪದ ಅವನಿಗೆ ಬೆನ್ನು ತಿರುಗಿಸಿ ಓದಿದ ವಸ್ತುವನ್ನು ನೋಡುತ್ತದೆ. ಅದಕ್ಕೇ ಹುಡುಗಿಯೂ ‘ಮೈಂನೇ ಅಖ್‌ಬಾರ್ ಪಢಾ’ ಎನ್ನಬೇಕು, ಹುಡುಗನೂ ‘ಮೈಂನೇ ಖಬರ್ ಪಢೀ’ ಎನ್ನಬೇಕು. ಗೈಡಿನ ‘ಅಚ್ಛೀ ಮಿತ್ರ್’ ಎಂಬಲ್ಲಿ ಅರ್ಥವಾಗದ ಲಿಂಗದ ಲೆಕ್ಕ ಇವನಿಗೆ ಹತ್ತಿಪ್ಪತ್ತು ನಿಮಿಷದಲ್ಲಿ ಅರ್ಥವಾಯಿತು. ಯಾರು ಓದಿದ್ದು, ಏನು ಓದಿದ್ದು ಎರಡೂ ಅವನ ಕಣ್ಣ ಮುಂದೆ ಇದ್ದವು. ತಾನೇ ಮುಂದೆ ಹೋಗಿ, ‘ಹಂಗಾರೆ ಆಟಾ ಪೀಸ್ ಲಿಯಾ ಅಂತ ಯಾಕಂದ್ರೆ ಆಟಾ ಗಂಡಸು, ಆಂಟಿ ಅಲ್ಲ’ ಎಂದ. ಆ ವಾಕ್ಯ ನಾನು ವಿವರಿಸಿಯೇ ಇರಲಿಲ್ಲ.

ಎರಡನೆಯ ಕೆಲಸ ಅವನ ನೋಟ್‌ಬುಕ್ಕಿನಲ್ಲಿತ್ತು. ಎಲ್ಲರಂತೆ ಅವನೂ ಹಿಂದಿಯನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡಿದ್ದ. ಬೇಡ ಎನ್ನಲಿಲ್ಲ, ಆದರೆ ಅದರಿಂದ ಆಗುವ ತೊಂದರೆ ಏನೆಂದು ತೋರಿಸಬೇಕಿತ್ತು. ಕನ್ನಡದಲ್ಲಿ ಬರೆದ ಪ್ರತಿ ‘ಅ’ಕಾರವನ್ನೂ ನಾವು ಉಚ್ಚರಿಸುತ್ತೇವೆ. ಹಿಂದಿಯವರು ಬರೆಯುತ್ತಾರೆ, ನುಂಗುತ್ತಾರೆ. ಪದದ ಕೊನೆಯ ‘ಅ’ ಬಿದ್ದುಹೋಗುತ್ತದೆ, ‘ಖಬರ’ ಎಂದು ಬರೆದದ್ದು ‘ಖಬರ್’ ಆಗುತ್ತದೆ. ಕೊನೆಯಲ್ಲಿ ದೀರ್ಘ ಸ್ವರ ಬಂದರೆ ಸಾಮಾನ್ಯವಾಗಿ ಅದರ ಹಿಂದಿನ ‘ಅ’ ಬೀಳುತ್ತದೆ, ‘ಬಿಜಲೀ’ ಹೋಗಿ ‘ಬಿಜ್ಲೀ’. ‘ಸಮಝ’ ಎಂಬುದನ್ನು ‘ಸಮಝ್’ ಎನ್ನುವವರೇ ‘ಸಮಝಾ’ ಎಂಬುದನ್ನು ‘ಸಮ್ಝಾ’ ಎನ್ನುತ್ತಾರೆ. ಇದೊಂದನ್ನು ತಿಳಿದು ಅರ್ಧಾಕ್ಷರ ಹಾಕಿ ಬರೆದುಕೊಂಡರೆ, ನಮ್ಮ ಮಕ್ಕಳ ಹಿಂದಿಗೆ ಬರುವ ಆ ಶ್ಲೋಕದ ರಾಗ ಮುಕ್ಕಾಲು ಪಾಲು ಹೋಗುತ್ತದೆ. ‘ಪಹಲೇ’ ಎಂಬಲ್ಲಿ ‘ಹ’ ತನ್ನ ಹಿಂದಿನ ‘ಅ’ವನ್ನು ‘ಎ’ ಕಡೆಗೆ ಎಳೆದು ‘ಪೆಹ್‌ಲೇ’ ಎಂಬಂತೆ ಮಾಡುತ್ತದೆ. ಅದನ್ನು ಅವನು ಹೇಳಿಕೊಡದೆಯೇ ಸರಿಯಾಗಿ ಹೇಳುತ್ತಿದ್ದ. ಹೈವೇಯ ಲಾರಿ ಡ್ರೈವರ್‌ಗಳ ಮಾತು ಕೇಳಿದ ಕಿವಿ.

ಸೊನ್ನೆಯದು ಇನ್ನೊಂದು ಕಷ್ಟ. ಪದದ ಕೊನೆಯ ಸೊನ್ನೆ ಕಂಡರೆ ನಾವು ‘ಮ್’ ಎನ್ನುತ್ತೇವೆ, ಹಾಗಾಗಿ ‘ಹೂಂ’ ಎಂಬುದು ‘ಹೂಮ್’, ‘ಮೇಂ’ ಎಂಬುದು ‘ಮೇಮ್’. ಹಿಂದಿಯಲ್ಲಿ ಅಲ್ಲಿ ವ್ಯಂಜನವೇ ಇಲ್ಲ, ಸ್ವರವೇ ಮೂಗಿನಿಂದ ಹೊರಡುತ್ತದೆ. ತಪ್ಪಾಯಿತೋ ಇಲ್ಲವೋ ತಿಳಿಯಲು ಕಿವಿಗಿಂತ ಕಣ್ಣು ಸುಲಭ. ‘ಹೂಂ’ ಮುಗಿದಾಗ ತುಟಿ ಮುಚ್ಚಿತೆಂದರೆ ತಪ್ಪು. ಬಸ್ಸಿನ ಕಿಟಕಿ ಗಾಜಿನಲ್ಲಿ ತನ್ನ ಬಾಯಿ ನೋಡಿಕೊಂಡೇ ಇದನ್ನು ಕಲಿತೆ ಎಂದು ಆಮೇಲೆ ಹೇಳಿದ. ಸಂಬೋಧನೆಯ ‘ಸಾಥಿಯೋ’ಗೆ ಮಾತ್ರ ಸೊನ್ನೆ ಬೇಡ. ಬಹುವಚನದಲ್ಲಿ ಕರೆಯುವಾಗ ಅದು ಇರುವುದಿಲ್ಲ. ಹಿಂದಿ ನಾಡಿನವರೇ ಅದನ್ನು ‘ಸಾಥಿಯೋಂ’ ಎಂದು ಬರೆದಿರುತ್ತಾರೆ, ಗೈಡುಗಳಲ್ಲೂ ಹಾಗೇ ಅಚ್ಚಾಗಿರುತ್ತದೆ.

ಅತಿ ಹೆಚ್ಚು ಹೊತ್ತು ಹಿಡಿದದ್ದು ಓದು ಎಂಬ ಪದವೇ. ‘ಪಢ್‌ನಾ’ ಎಂದರೆ ಓದು, ಮಹಾಪ್ರಾಣ ಬಿಟ್ಟು ‘ಪಡ್‌ನಾ’ ಎಂದರೆ ಬೀಳು. ದೇವನಾಗರಿಯಲ್ಲಿ ಎರಡರ ಕೆಳಗೂ ಒಂದೊಂದು ಚುಕ್ಕೆ, ನಾಲಗೆಯನ್ನು ಮಡಿಸಿ ಒಮ್ಮೆ ಬಡಿದು ಬಿಡು ಎಂಬುದರ ಗುರುತು. ನಾಲಗೆಯ ಈ ಕೆಲಸ ನಮಗೆ ಕಲಿಸಬೇಕಾಗಿಲ್ಲ. ‘ಹುಡುಗ’ ಎನ್ನುವಾಗ ನಮ್ಮ ನಾಲಗೆ ಹೆಚ್ಚುಕಡಿಮೆ ಅದನ್ನೇ ಮಾಡುತ್ತಿರುತ್ತದೆ. ಇಲ್ಲದ್ದು ಉಸಿರು. ನಮ್ಮ ಕಡೆ ಬರವಣಿಗೆಯಲ್ಲಿ ಮಹಾಪ್ರಾಣವಿದೆ, ಬಾಯಲ್ಲಿಲ್ಲ. ‘ಖಬರ್’ ನಮ್ಮ ಮಕ್ಕಳ ಬಾಯಲ್ಲಿ ‘ಕಬರ್’, ‘ಘರ್’ ಬರಿಯ ‘ಗರ್’. ‘ಖ’ಕ್ಕೆ ಉಪಾಯ ಸುಲಭ. ಪೇಪರಿನ ಒಂದು ಸೀಳನ್ನು ತುಟಿಯ ಮುಂದೆ ಹಿಡಿದರೆ ‘ಕ’ ಎಂದಾಗ ಹೆಚ್ಚು ಅಲುಗಾಡುವುದಿಲ್ಲ, ‘ಖ’ ಎಂದಾಗ ಎದ್ದು ಹಾರುತ್ತದೆ. ‘ಢ’ಕ್ಕೆ ಈ ಸೀಳು ಅಷ್ಟು ಸ್ಪಷ್ಟವಾಗಿ ಏಳುವುದಿಲ್ಲ. ಅದಕ್ಕೆ ‘ಪಡ್-ಹೀ’ ಎಂದು ಬಿಡಿಸಿ ಹೇಳಿಸಿ, ನಡುವಿನ ಬಿರುಕನ್ನು ಸ್ವಲ್ಪ ಸ್ವಲ್ಪವೇ ಮುಚ್ಚುತ್ತಾ ‘ಪಢೀ’ಗೆ ತರಬೇಕು. ಇವನ ಭಾಷಣದಲ್ಲಿ ಎರಡೂ ಇದ್ದವು: ಖಬರ್ ‘ಪಢೀ’, ಆಟಾ ಕಮ್ ನಹೀಂ ‘ಪಡಾ’. ಒಂದೇ ಉಸಿರಲ್ಲಿ ಎರಡನ್ನೂ ಒಂದೇ ಥರ ಹೇಳಿದರೆ ಸುದ್ದಿ ಬಿದ್ದುಹೋಗುತ್ತದೆ, ಇಲ್ಲವೇ ಹಿಟ್ಟು ಓದಿಕೊಂಡುಬಿಡುತ್ತದೆ. ‘ಹಿಟ್ಟಿಗೆ ಉಸಿರು ಬೇಡ, ಸುದ್ದಿಗೆ ಬೇಕು’ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ.

ಅಭ್ಯಾಸ ಮಾಡುವಾಗ ಕೇಳಲು ಎಂಟನೇ ತರಗತಿಯ ಒಬ್ಬ ಹುಡುಗಿಯನ್ನು ಕರೆದೆ. ಸೋಂಪುರ ಕೈಗಾರಿಕಾ ಪ್ರದೇಶ ಬೆಳೆದ ಮೇಲೆ ಬಿಹಾರ, ಉತ್ತರ ಪ್ರದೇಶ, ಒಡಿಶಾದಿಂದ ಬಂದ ಕುಟುಂಬಗಳು ನಮ್ಮೂರಲ್ಲಿ ಮನೆ ಮಾಡಿದ್ದವು, ಅವರ ಮಕ್ಕಳು ಕನ್ನಡ ಮಾಧ್ಯಮದಲ್ಲೇ ಕೂರುತ್ತಿದ್ದರು. ಈ ಹುಡುಗಿ ಬಿಹಾರದವಳು. ನಾನು ಮನೆಮಾತು ಕನ್ನಡದವಳು. ದಕ್ಷಿಣ ಭಾರತ ಹಿಂದಿ ಪ್ರಚಾರ ಸಭೆಯ ‘ಪ್ರಾಥಮಿಕ’ದಿಂದ ಹಿಡಿದು ‘ಪ್ರವೀಣ’ದವರೆಗೆ ಮೆಟ್ಟಿಲು ಹತ್ತಿ ಹಿಂದಿ ಕಲಿತವಳು. ಭಾಷಣ ಅರ್ಥವಾಯಿತೋ ಇಲ್ಲವೋ ಎಂಬುದಕ್ಕೆ ನನಗಿಂತ ಅವಳ ಕಿವಿ ಒಳ್ಳೆಯ ಅಳತೆ. ಚೆನ್ನಾಗಿದೆಯಾ ಎಂದು ಕೇಳಿದರೆ ಮಕ್ಕಳು ಹೂಂ ಎನ್ನುತ್ತಾರೆ, ಅದರಿಂದ ಏನೂ ತಿಳಿಯುವುದಿಲ್ಲ. ಅವನು ಏನು ಹೇಳಿದನೋ ನಿನ್ನ ಮಾತಲ್ಲಿ ತಿರುಗಿ ಹೇಳು ಎಂದೆ. ಕರೆಂಟು, ಚಾಚಿ, ಹಿಟ್ಟು ಎಲ್ಲವನ್ನೂ ಹೇಳಿದಳು. ಕೊನೆಗೆ ಅವಳೇ ಸೇರಿಸಿದಳು: ‘ಹಮ್ ಭೀ ಏಕ್ ಬಾರ್ ಖಬರ್ ಪಢೇ ಥೇ.’

ಹುಡುಗ ನೆಟ್ಟಗಾದ. ‘ಮಿಸ್, ಅವಳು ನೇ ಹಾಕಲಿಲ್ಲ! ಪಢೇ ಅಂದ್ಲು!’

ನಿಜ. ಬಿಹಾರದ ಮಾತಿನ ಹಿಂದಿಯಲ್ಲಿ ‘ನೇ’ಯನ್ನು ಬಿಡುವುದು ಸಾಮಾನ್ಯ; ಒಬ್ಬರೇ ಇದ್ದರೂ ‘ಮೈಂ’ ಬದಲು ‘ಹಮ್’ ಎನ್ನುತ್ತಾರೆ. ನಾವು ಗುದ್ದಾಡಿ ಕಲಿತ ನಿಯಮ ಮನೆಯಲ್ಲಿ ಹಿಂದಿ ಆಡುವವಳಿಗೆ ಬೇಕೇ ಇರಲಿಲ್ಲ. ಅವಳದು ತಪ್ಪಾ ಎಂದು ಕೇಳಿದ. ತಪ್ಪಲ್ಲ, ಅವಳ ಊರಿನಲ್ಲಿ ಹಾಗೆ. ನಿನಗೆ ಅಂಕ ಕೊಡುವುದು ಪಠ್ಯಪುಸ್ತಕದ ಹಿಂದಿಗೆ, ಪರೀಕ್ಷೆಯಲ್ಲಿ ಅವಳೂ ‘ನೇ’ ಹಾಕಬೇಕು ಎಂದೆ. ಅವಳ ಮುಖ ಸಣ್ಣದಾಯಿತು. ‘ನಾನ್ ಹೇಳ್ಕೊಡ್ತೀನಿ ಬಿಡಿ ಮಿಸ್’ ಎಂದ ನಮ್ಮ ಪೇಪರ್ ಹುಡುಗ. ಬಿಹಾರದವಳಿಗೆ ದಾಬಸ್‌ಪೇಟೆಯವನು ಹಿಂದಿ ಹೇಳಿಕೊಡುವ ಕಾಲ ಬಂತು ಎಂದು ಸ್ಟಾಫ್ ರೂಮಿನಲ್ಲಿ ನಕ್ಕೆವು.

ಭಾಷಣದ ದಿನ ನಾಡಗೀತೆ, ವಾರ್ತೆ, ಇಂದಿನ ಚಿಂತನ ಎಲ್ಲ ಮುಗಿದ ಮೇಲೆ ಅವನ ಸರದಿ. ಕೈಯಲ್ಲಿ ಚೀಟಿ ಇರಲಿಲ್ಲ. ತುಮಕೂರು ರಸ್ತೆಯ ಸದ್ದಿನಲ್ಲಿ ಮಾತು ಮುಳುಗಬಾರದೆಂದು, ಲಾರಿ ಹಾರನ್ ಹೊಡೆದರೆ ವಾಕ್ಯ ಮುಗಿಸಿ ನಿಲ್ಲು ಎಂದು ಹೇಳಿಕೊಟ್ಟಿದ್ದೆ. ಚಾಚಿಯವರೆಗೆ ಸಲೀಸಾಗಿ ಬಂದ. ‘ಉನ್ಹೋಂನೇ ಉಸೀ ಶಾಮ್ ಸಾರಾ ಆಟಾ’ ಎನ್ನುವಷ್ಟರಲ್ಲಿ ಒಂದು ದೊಡ್ಡ ಹಾರನ್. ನಿಂತ. ಹಾರನ್ ನಿಂತ ಮೇಲೂ ಅವನ ಬಾಯಿ ತೆರೆಯಲಿಲ್ಲ. ‘ಪೀಸ್ ಲಿಯಾ’ ಮರೆತಿದ್ದ. ಗೈಡಿನ ಭಾಷಣಗಳೆಲ್ಲ ಮುಗಿದುಹೋಗುತ್ತಿದ್ದದ್ದು ಇಂಥ ಜಾಗದಲ್ಲೇ. ಇವನು ಗಾಳಿಯಲ್ಲಿ ಕೈಯನ್ನು ಒಂದು ಸುತ್ತು ಬೀಸುಕಲ್ಲಿನ ಹಾಗೆ ತಿರುಗಿಸಿ, ‘ಸಾರಾ ಆಟಾ ತೈಯಾರ್ ಕರ್ ಲಿಯಾ’ ಎಂದು ಮುಂದೆ ಹೋದ. ಹಿಟ್ಟನ್ನು ಬೀಸಿದರು ಎನ್ನುವ ಬದಲು ಸಿದ್ಧ ಮಾಡಿದರು. ಲಿಂಗ ಸರಿ, ‘ನೇ’ ಸರಿ, ಅರ್ಥವೂ ಸರಿ. ನಾನು ಕಲಿಸಿದ ವಾಕ್ಯವಾಗಿರಲಿಲ್ಲ ಅದು. ಹೇಳಬೇಕಾದ ಸಂಗತಿ ಅವನದೇ ಆಗಿದ್ದರಿಂದ, ಒಂದು ದಾರಿ ಮುಚ್ಚಿದಾಗ ಇನ್ನೊಂದು ದಾರಿಯಿಂದ ಅಲ್ಲಿಗೇ ತಲುಪಿದ. ಹಿಟ್ಟು ‘ಪಡಾ’ ಆಯಿತು. ‘ಪಢೀ’ಯ ಉಸಿರು ಮೈಕಿನಲ್ಲಿ ಸ್ವಲ್ಪ ಜೋರಾಗಿಯೇ ಕೇಳಿಸಿತ್ತು.

ಆಮೇಲಿನ ವರ್ಷಗಳಲ್ಲಿ ‘ಪಢ್‌ನೇ ಕಾ ಮಹತ್ವ್’ ಎಂಬ ತಲೆಬರಹವನ್ನು ಹಾಗೇ ಉಳಿಸಿಕೊಂಡೆ, ಅದರ ಕೆಳಗೆ ಎರಡು ಪ್ರಶ್ನೆ ಬರೆಸುತ್ತಿದ್ದೆ. ಈ ವಾರ ಏನು ಓದಿದೆ? ಓದಿದ್ದನ್ನು ಯಾರಿಗೆ ಹೇಳಿದೆ? ಔಷಧಿ ಡಬ್ಬಿಯ ಮೇಲಿನ ತಾರೀಖು, ಅಜ್ಜಿಯ ಪಿಂಚಣಿ ಚೀಟಿ, ಪಂಚಾಯಿತಿ ಗ್ರಂಥಾಲಯದಿಂದ ತಂದ ಕಥೆಪುಸ್ತಕ, ಏನಾದರೂ ಆದೀತು. ಪುಸ್ತಕದ ಬಗ್ಗೆ ಮಾತಾಡುವವರೂ ಆಗ ಪುಸ್ತಕದ ಹೆಸರು ಹೇಳಿ, ಅದರಲ್ಲಿ ಏನಾಯಿತು ಎಂದು ಹೇಳುತ್ತಿದ್ದರು. ಎಲ್ಲರೂ ಚೆನ್ನಾಗಿ ಮಾತಾಡಿದರು ಎಂದೇನಲ್ಲ. ಏನೂ ಓದಿಲ್ಲ ಎಂದು ನೇರವಾಗಿ ಹೇಳಿದವರೂ ಇದ್ದರು. ಅವರಿಗೆ ಅವತ್ತೇ ಓದಲು ಏನಾದರೂ ಕೊಟ್ಟು, ಮುಂದಿನ ವಾರ ಮಾತಾಡಿಸುತ್ತಿದ್ದೆ.

ಆ ಭಾಷಣದಿಂದ ಶಾಲೆಯಲ್ಲಿ ಇನ್ನೊಂದು ಬದಲಾವಣೆಯಾಯಿತು, ಅದನ್ನು ಮಾಡಿದವರು ಮಕ್ಕಳೇ. ಪ್ರಾರ್ಥನೆಯ ಹೊತ್ತಿನ ಕನ್ನಡ ವಾರ್ತೆಯಲ್ಲಿ ದೆಹಲಿ, ಬೆಂಗಳೂರು, ಕ್ರಿಕೆಟ್ ಆದ ಮೇಲೆ ‘ಸ್ಥಳೀಯ’ ಎಂದು ಒಂದು ಭಾಗ ಸೇರಿಕೊಂಡಿತು. ಕರೆಂಟ್ ಹೋಗುವ ಪ್ರಕಟಣೆ ಇದ್ದ ದಿನ ಅದನ್ನು ಎರಡು ಸಲ ಓದುತ್ತಿದ್ದರು. ಸಂಜೆ ಶಾಲೆ ಬಿಟ್ಟ ಮೇಲೆ ಮಕ್ಕಳು ಮನೆಯಲ್ಲಿ ಹೇಳಿದರೆ ಮಿಲ್ಲಿನ ಮುಂದೆ ರಾಗಿ ಚೀಲದ ಸಾಲು ಬೆಳೆಯುತ್ತಿತ್ತಂತೆ. ಆ ಆಂಟಿ ಒಮ್ಮೆ ಸಂತೆಯಲ್ಲಿ ಸಿಕ್ಕಾಗ, ‘ನಿಮ್ಮ ಸ್ಕೂಲಿನೋರು ಹಿಂದಿ ಏನ್ ಕಲಿಸ್ತಾರೋ ಕಾಣೆ ಮೇಡಂ, ನಂಗೆ ಕೆಲಸ ಮಾತ್ರ ಜಾಸ್ತಿ ಆಗೈತೆ’ ಎಂದರು.